ಛೇದದಲ್ಲಿ ಲಾಗ್ ಇದ್ದಾಗ ಇಂಟಿಗ್ರಲ್ ಟೆಸ್ಟ್ ಎಲ್ಲಿ ಕೈಕೊಡುತ್ತದೆ

ಭಾನುವಾರದ ಟ್ಯೂಷನ್‌ನಲ್ಲಿ ಬಿ.ಎಸ್‌ಸಿ. ಓದುವ ಹುಡುಗಿಯೊಬ್ಬಳು ನೋಟ್‌ಬುಕ್ ಮುಂದಿಟ್ಟಳು. ಲೆಕ್ಕ ಇದು:

```
Σ 1 / ( n · ln n · (ln ln n)² ),   n = 2, 3, 4, ...
```

ಇಂಟಿಗ್ರಲ್ ಟೆಸ್ಟ್ ಹಾಕಿದ್ದಳು. `u = ln ln x` ಅಂತ ಬದಲಿಸಿಕೊಂಡು, ಇಂಟಿಗ್ರಲ್ `−1/(ln ln x)` ಎಂದು ಸರಿಯಾಗಿಯೇ ಬರೆದಿದ್ದಳು. ಮೇಲಿನ ಮಿತಿ ಅನಂತ, ಅಲ್ಲಿ ಸೊನ್ನೆ. ಕೆಳಗಿನ ಮಿತಿ 2. ಕೊನೆಗೆ ಉತ್ತರ −2.73. "ಸೀಮಿತ ಸಂಖ್ಯೆ ಬಂತು, ಆದ್ದರಿಂದ ಕನ್ವರ್ಜ್" ಎಂದು ಬರೆದು ಅಡಿಗೆರೆ ಎಳೆದಿದ್ದಳು.

"ಏನಮ್ಮ, ಛೇದದಲ್ಲಿ ವರ್ಗ ಇದೆ, ಎಲ್ಲ ಪದಗಳೂ ಪಾಸಿಟಿವ್. ಪಾಸಿಟಿವ್ ಕರ್ವ್‌ನ ಕೆಳಗಿನ ವಿಸ್ತೀರ್ಣ ಮೈನಸ್ ಹೇಗೆ ಬಂತು?" ಅಂದೆ.

"ಫಾರ್ಮುಲಾ ಸರಿ ಇದೆ ಅಲ್ವಾ ಸರ್?" ಅಂದಳು.

ಫಾರ್ಮುಲಾ ಸರಿಯೇ ಇತ್ತು. "ಕನ್ವರ್ಜ್" ಎಂಬ ತೀರ್ಮಾನವೂ ಸರಿಯೇ. ನಡುವೆ ಇರುವ ದಾರಿ ಮಾತ್ರ ತಪ್ಪು. ಲಾಗ್ ಇರುವ ಶ್ರೇಣಿಗಳಲ್ಲಿ ನಾನು ನೋಡುವ ತಪ್ಪುಗಳು ಹೆಚ್ಚಾಗಿ ಹೀಗೇ ಇರುತ್ತವೆ. ಇಂಟಿಗ್ರಲ್ ಮಾಡುವುದರಲ್ಲಿ ಎಡವುವವರು ಕಡಿಮೆ. ಅದಕ್ಕೆ ಮುಂಚೆ ನೋಡಬೇಕಾದ ಎರಡು ಷರತ್ತುಗಳನ್ನು ಒಂದೇ ಸಾಲಿನಲ್ಲಿ "clearly positive and decreasing" ಎಂದು ಬರೆದು ದಾಟಿಬಿಡುವವರು ಜಾಸ್ತಿ. ಆ ಸಾಲಿನಲ್ಲೇ ದೋಷ ಹುಡುಕಬೇಕು.

ಟೆಸ್ಟ್ ಕೇಳುವುದು ಇಷ್ಟು. ಯಾವುದಾದರೊಂದು N ಇಂದ ಮುಂದಕ್ಕೆ `f(x)` ಎಲ್ಲೂ ಕಡಿಯಬಾರದು, ಪಾಸಿಟಿವ್ ಆಗಿರಬೇಕು, ಇಳಿಯುತ್ತಾ ಹೋಗಬೇಕು. ಆಗ N ಇಂದ ಅನಂತದವರೆಗಿನ ಇಂಟಿಗ್ರಲ್ ಸೀಮಿತವಾದರೆ ಶ್ರೇಣಿ ಕನ್ವರ್ಜ್, ಇಲ್ಲದಿದ್ದರೆ ಡೈವರ್ಜ್. ಷರತ್ತು ಪೂರ್ಣಾಂಕಗಳಲ್ಲಿ ಮಾತ್ರ ನಿಂತರೆ ಸಾಲದು, ನಡುವಿನ ಎಲ್ಲ `x` ಗಳಲ್ಲೂ ನಿಲ್ಲಬೇಕು. ಈ ಕೊನೆಯ ಮಾತನ್ನೇ ಮರೆಯುತ್ತಾರೆ.

ಲಕ್ಷಣ: ಉತ್ತರ ಮೈನಸ್ ಬಂತು, ಅಥವಾ ಕೆಳಗಿನ ಮಿತಿಯಲ್ಲೇ ಅನಂತ ಬಂತು

ಮೇಲಿನ ಲೆಕ್ಕದಲ್ಲಿ ಏನಾಯಿತು ನೋಡೋಣ. `ln 2` ಅಂದರೆ 0.693. ಅದರ ಲಾಗ್ ಮತ್ತೆ ತೆಗೆದರೆ −0.367. `ln 3` ಅಂದರೆ 1.099, ಅದರ ಲಾಗ್ 0.094. ಅಂದರೆ 2 ಮತ್ತು 3 ರ ನಡುವೆ ಎಲ್ಲೋ `ln ln x` ಸೊನ್ನೆಯನ್ನು ದಾಟಿದೆ. ಆ ಜಾಗ `x = e`, ಅಂದರೆ 2.718. ಅಲ್ಲಿ ಛೇದ ಸೊನ್ನೆ, `f` ಅನಂತಕ್ಕೆ ಹಾರುತ್ತದೆ.

ಶ್ರೇಣಿಗೆ ಇದು ಗೊತ್ತೇ ಆಗುವುದಿಲ್ಲ. ಅದು 2 ರಿಂದ 3 ಕ್ಕೆ ಜಿಗಿಯುತ್ತದೆ, ನಡುವಿನ ಹೊಂಡದ ಮೇಲೆ ಕಾಲಿಡುವುದೇ ಇಲ್ಲ. ಇಂಟಿಗ್ರಲ್ ಹಾಗಲ್ಲ, ಪ್ರತಿ ಇಂಚನ್ನೂ ತುಳಿದು ಹೋಗುತ್ತದೆ. 2 ರಿಂದ ಶುರು ಮಾಡಿದರೆ `e` ಹತ್ತಿರವೇ ವಿಸ್ತೀರ್ಣ ಅನಂತವಾಗುತ್ತದೆ. ಅದನ್ನು ನೋಡದೆ ಎರಡು ತುದಿಗಳ ಬೆಲೆ ಮಾತ್ರ ಹಾಕಿ ಕಳೆದರೆ −2.73 ರಂಥ ಅಸಂಬದ್ಧ ಸಂಖ್ಯೆ ಸಿಗುತ್ತದೆ. ಇನ್ನೊಬ್ಬ ವಿದ್ಯಾರ್ಥಿ ಇದೇ ಲೆಕ್ಕದಲ್ಲಿ `e` ಯನ್ನು ಗಮನಿಸಿದ್ದ, "ಇಂಟಿಗ್ರಲ್ ಅನಂತ, ಆದ್ದರಿಂದ ಡೈವರ್ಜ್" ಎಂದು ಬರೆದಿದ್ದ. ಜಾಣನೇ, ಆದರೂ ತೀರ್ಮಾನ ತಪ್ಪು. ಷರತ್ತು ಮುರಿದಿರುವ ಜಾಗದಲ್ಲಿ ಟೆಸ್ಟ್ ಏನನ್ನೂ ಹೇಳುವುದಿಲ್ಲ, ಡೈವರ್ಜ್ ಅಂತಲೂ ಹೇಳುವುದಿಲ್ಲ.

ರಿಪೇರಿ ಸುಲಭ. `n = 2` ರ ಪದವನ್ನು ಪಕ್ಕಕ್ಕೆ ಎತ್ತಿಡಿ. ಅದರ ಬೆಲೆ ಸುಮಾರು 5.37, ಒಂದು ಸಾಮಾನ್ಯ ಸಂಖ್ಯೆ. ಒಂದೋ ಎರಡೋ ಪದ ಎತ್ತಿಟ್ಟರೆ ಕನ್ವರ್ಜ್ ಆಗುವ ಶ್ರೇಣಿ ಡೈವರ್ಜ್ ಆಗುವುದಿಲ್ಲ, ಡೈವರ್ಜ್ ಆಗುವುದು ಕನ್ವರ್ಜ್ ಆಗುವುದಿಲ್ಲ. ಈಗ 3 ರಿಂದ ಶುರು ಮಾಡಿ. `x` ಮೂರಕ್ಕಿಂತ ದೊಡ್ಡದಾದಾಗ `x`, `ln x`, `(ln ln x)²` ಮೂರೂ ಪಾಸಿಟಿವ್, ಮೂರೂ ಏರುತ್ತವೆ. ಏರುವ ಪಾಸಿಟಿವ್ ಫಂಕ್ಷನ್‌ಗಳನ್ನು ಗುಣಿಸಿದರೆ ಗುಣಲಬ್ಧವೂ ಏರುತ್ತದೆ, ಅದು ಛೇದದಲ್ಲಿರುವುದರಿಂದ `f` ಇಳಿಯುತ್ತದೆ. ಡೆರಿವೇಟಿವ್ ಬೇಕಾಗಲೇ ಇಲ್ಲ. ಇಂಟಿಗ್ರಲ್ `1/(ln ln 3)`, ಸುಮಾರು 10.6. ಪಾಸಿಟಿವ್, ಸೀಮಿತ, ಕನ್ವರ್ಜ್.

ಇಲ್ಲಿ ಎರಡನೆಯ ಷರತ್ತೂ 2 ರಲ್ಲಿ ಮುರಿದಿತ್ತು ಅನ್ನುವುದನ್ನೂ ನೋಡಿ. `n = 2` ರ ಪದ 5.37 ಇದ್ದರೆ, `n = 3` ರದು 34.3. ಇಳಿಯುವ ಬದಲು ಆರು ಪಟ್ಟು ಏರಿದೆ. ನಾಲ್ಕನೆಯದಕ್ಕೆ 1.69 ಕ್ಕೆ ಬೀಳುತ್ತದೆ. ಮೊದಲ ಮೂರು ಪದ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿದ್ದರೂ ಇಲ್ಲೇನೋ ಎಡವಟ್ಟು ಅಂತ ಗೊತ್ತಾಗುತ್ತಿತ್ತು.

ಶುರುವಿನ ಬಿಂದು ಹುಡುಕುವ ಕ್ರಮ ನನಗೆ ಹೀಗೆ ರೂಢಿ: ಛೇದ ಎಲ್ಲೆಲ್ಲಿ ಸೊನ್ನೆಯಾಗುತ್ತದೆ ಎಂದು ಬರೆದುಕೊಂಡು, ಅವುಗಳಲ್ಲಿ ಅತಿ ಬಲಗಡೆಯದನ್ನು ದಾಟಿ ನಿಲ್ಲುವುದು. `ln x` ಸೊನ್ನೆಯಾಗುವುದು 1 ರಲ್ಲಿ, ಆದ್ದರಿಂದ `1/(n ln n)` ಗೆ 2 ರಿಂದ ಶುರು. `ln ln x` ಸೊನ್ನೆಯಾಗುವುದು `e` ಯಲ್ಲಿ, ಆದ್ದರಿಂದ 3. ಮೂರು ಲಾಗ್ ಒಂದರೊಳಗೊಂದು ಇದ್ದರೆ ಸೊನ್ನೆ ಬರುವುದು `e` ಯ ಘಾತ `e` ಯಲ್ಲಿ, ಅಂದರೆ 15.15 ರಲ್ಲಿ, ಶುರು 16. ಛೇದ `n(ln n − 2)²` ಅಂತಿದ್ದರೆ `e²`, ಅಂದರೆ 7.39, ಹಾಗಾಗಿ 8. ಪ್ರಶ್ನೆಪತ್ರಿಕೆಯಲ್ಲಿ ಶ್ರೇಣಿ 2 ರಿಂದ ಶುರುವಾಗಿದೆ ಅಂದ ಮಾತ್ರಕ್ಕೆ ಇಂಟಿಗ್ರಲ್ ಕೂಡ 2 ರಿಂದಲೇ ಶುರುವಾಗಬೇಕು ಅಂತೇನಿಲ್ಲ.

ಲಕ್ಷಣ: ಮೊದಲ ಕೆಲವು ಪದ ಇಳಿಯುತ್ತಿವೆ, ಆದರೂ ಮೇಷ್ಟ್ರು ಅಂಕ ಕಡಿದರು

ಇದು ಹೆಚ್ಚು ಸೂಕ್ಷ್ಮ. ಛೇದದಲ್ಲಿರುವುದೆಲ್ಲ ಏರುವ ಫಂಕ್ಷನ್‌ಗಳ ಗುಣಲಬ್ಧವಾಗಿದ್ದರೆ ಮೇಲಿನ ಒಂದು ಸಾಲಿನ ವಾದ ಸಾಕು. ಲಾಗ್‌ನಲ್ಲಿ ಒಂದು ಮೈನಸ್ ಪದ ಬಂತು ಅಂದರೆ ಆ ವಾದ ಬಿತ್ತು. ಈ ಲೆಕ್ಕ ತೆಗೆದುಕೊಳ್ಳಿ. ತರಗತಿಗೆ ಅಂತ ನಾನೇ ಹೊಂದಿಸಿದ್ದು:

```
Σ 1 / ( n · (4(ln n)² − 24 ln n + 37) ),   n = 1, 2, 3, ...
```

ಮೊದಲು ಪಾಸಿಟಿವ್ ಹೌದೋ ಅಲ್ಲವೋ. `u = ln n` ಅಂದುಕೊಂಡರೆ ಆವರಣದೊಳಗಿರುವುದು `4u² − 24u + 37`. ವರ್ಗ ಪೂರ್ತಿ ಮಾಡಿದರೆ `4(u − 3)² + 1`. ಎಂದೂ 1 ಕ್ಕಿಂತ ಕಡಿಮೆಯಾಗುವುದಿಲ್ಲ. ಮೈನಸ್ 24 ನೋಡಿ ಗಾಬರಿಯಾಗಬೇಕಾಗಿಲ್ಲ, ಛೇದ ಎಲ್ಲೂ ಸೊನ್ನೆಯಾಗುವುದಿಲ್ಲ. ಮೊದಲ ಷರತ್ತು 1 ರಿಂದಲೇ ಗೆದ್ದಿತು.

ಈಗ ಇಳಿಕೆ. ಮೊದಲ ಪದ 0.0270, ಎರಡನೆಯದು 0.0224, ಮೂರನೆಯದು 0.0216. ಇಳಿಯುತ್ತಿದೆ ಅಲ್ವಾ? ಇಲ್ಲಿಗೇ ನಿಲ್ಲಿಸಿ "ಆದ್ದರಿಂದ ಇಳಿಯುತ್ತದೆ" ಎಂದು ಬರೆಯುವವರೇ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು. ನಾಲ್ಕನೆಯದು 0.0219. ಏರಿತು. ಹತ್ತನೆಯದು 0.0339. ಹದಿನೆಂಟನೆಯದು 0.0530, ಮೊದಲ ಪದದ ಹತ್ತಿರ ಹತ್ತಿರ ಎರಡರಷ್ಟು. ಅದಾದ ಮೇಲೆ ಮತ್ತೆ ಇಳಿಯುತ್ತದೆ.

ಕಾರಣ ಛೇದದಲ್ಲೇ ಇದೆ. `n` ಬೆಳೆಯುವುದು ಛೇದವನ್ನು ದೊಡ್ಡದು ಮಾಡುತ್ತದೆ. ಅದೇ ಹೊತ್ತಿಗೆ `u` ಬೆಲೆ 3 ರ ಕಡೆಗೆ ಹೋಗುತ್ತಾ `4(u − 3)² + 1` ಅನ್ನು 37 ರಿಂದ 1 ಕ್ಕೆ ಇಳಿಸುತ್ತದೆ. ಮೂರರಿಂದ ಹದಿನೆಂಟರವರೆಗೆ ಈ ಎಳೆದಾಟದಲ್ಲಿ ಎರಡನೆಯದು ಗೆಲ್ಲುತ್ತದೆ.

ಎಲ್ಲಿಂದ ಇಳಿಕೆ ಗ್ಯಾರಂಟಿ ಎಂದು ತಿಳಿಯಲು ಡೆರಿವೇಟಿವ್ ಬೇಕೇ ಬೇಕು. ಆದರೆ `f` ನ ಡೆರಿವೇಟಿವ್ ತೆಗೆಯಲು ಹೋಗಬೇಡಿ, ಭಾಗಾಕಾರದ ನಿಯಮ ಹಾಕಿ ಸುಮ್ನೆ ಗೋಜಲಾಗುತ್ತದೆ. ಛೇದವನ್ನು ಮಾತ್ರ `g` ಎಂದು ಕರೆದು ಅದರ ಡೆರಿವೇಟಿವ್ ತೆಗೆಯಿರಿ. `g` ಪಾಸಿಟಿವ್ ಆಗಿದ್ದು ಏರುತ್ತಿದ್ದರೆ `1/g` ಇಳಿಯುತ್ತದೆ.

```
g(x)  = x(4u² − 24u + 37),        u = ln x
g'(x) = (4u² − 24u + 37) + (8u − 24)
      = 4u² − 16u + 13
```

ಎರಡನೆಯ ಸಾಲಿನಲ್ಲಿ `x` ಮತ್ತು `1/x` ಹೊಡೆದುಹೋಗುತ್ತವೆ, ಅದಕ್ಕೇ ಇಷ್ಟು ಚೊಕ್ಕ. ಇದರ ಮೂಲಗಳು `u = 1.134` ಮತ್ತು `u = 2.866`. `x` ಗೆ ತಿರುಗಿಸಿದರೆ 3.11 ಮತ್ತು 17.57. ಇವೆರಡರ ನಡುವೆ `g'` ಮೈನಸ್, ಅಂದರೆ ಛೇದ ಇಳಿಯುತ್ತದೆ, `f` ಏರುತ್ತದೆ. 17.57 ದಾಟಿದ ಮೇಲೆ `g'` ಎಂದೂ ಮೈನಸ್ ಆಗುವುದಿಲ್ಲ. ಹಾಗಾಗಿ N = 18. "`x ≥ 18` ಇದ್ದಾಗ `g' > 0`, ಆದ್ದರಿಂದ `f` ಇಳಿಯುತ್ತದೆ" ಎಂಬ ಒಂದು ಸಾಲಿಗೇ ಅಂಕ ಇರುವುದು.

ಕೈಲೆಕ್ಕದ ಮೇಲೆ ನಂಬಿಕೆ ಬರಬೇಕಾದರೆ ಕಂಪ್ಯೂಟರ್‌ನಲ್ಲಿ ತಾಳೆ ನೋಡಬಹುದು:

```python
from math import log

def a(n):
    u = log(n)
    return 1 / (n * (4*u*u - 24*u + 37))

for n in range(1, 25):
    print(n, round(a(n), 5), a(n+1) < a(n))
```

1 ಮತ್ತು 2 ರ ಮುಂದೆ `True`, 3 ರಿಂದ 17 ರವರೆಗೆ `False`, 18 ರಿಂದ ಮತ್ತೆ `True` ಬರುತ್ತದೆ. ಇದು ತಾಳೆ ಮಾತ್ರ, ಸಾಧನೆಗೆ ಬದಲಿಯಾಗುವುದಿಲ್ಲ. 24 ರ ಆಚೆ ಏನಾಗುತ್ತದೆ ಎಂದು ಪ್ರೋಗ್ರಾಂ ಹೇಳಿಲ್ಲ, ಡೆರಿವೇಟಿವ್ ಹೇಳಿದೆ.

ಇನ್ನು ಇಂಟಿಗ್ರಲ್. `du = dx/x`, ಉಳಿದದ್ದು `1/(4(u − 3)² + 1)`. ಅದರ ಇಂಟಿಗ್ರಲ್ `½ arctan(2(u − 3))`. ಕೆಳಗಿನ ಮಿತಿ `ln 18`, ಅಂದರೆ 2.890 (ಇಲ್ಲಿ 18 ಅಂತಲೇ ಹಾಕಿಬಿಡುವವರಿದ್ದಾರೆ, `u` ಗೆ ಬದಲಿಸಿದ ಮೇಲೆ ಮಿತಿಯನ್ನೂ ಬದಲಿಸಬೇಕು). ಅನಂತದಲ್ಲಿ `½ × π/2`, ಕೆಳಗಡೆ `½ × (−0.216)`. ಕಳೆದರೆ ಸುಮಾರು 0.893. ಶ್ರೇಣಿ ಕನ್ವರ್ಜ್. ಮೊದಲ 17 ಪದಗಳು ಸೀಮಿತ ಮೊತ್ತ, ಅವು ತೀರ್ಮಾನವನ್ನು ಮುಟ್ಟುವುದಿಲ್ಲ.

"ಹಾಗಿದ್ದ ಮೇಲೆ ಇಷ್ಟು ಒದ್ದಾಟ ಯಾಕೆ ಸರ್, 1 ರಿಂದ ಮಾಡಿದ್ದರೂ ಕನ್ವರ್ಜ್ ಅಂತಲೇ ಬರುತ್ತಿತ್ತಲ್ಲ?" ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಈ ಲೆಕ್ಕದಲ್ಲಿ ಬರುತ್ತಿತ್ತು, ನಿಜ. ಆದರೆ ಟೆಸ್ಟ್‌ನ ಚಿತ್ರ ನೆನಪಿಸಿಕೊಳ್ಳಿ. ಒಂದೊಂದು ಪದವೂ ಒಂದು ಅಗಲದ ಆಯತ. ಕರ್ವ್ ಇಳಿಯುತ್ತಿದ್ದರೆ ಎಡತುದಿಯ ಎತ್ತರದ ಆಯತ ಕರ್ವ್‌ಗಿಂತ ಮೇಲೆ, ಬಲತುದಿಯದು ಕೆಳಗೆ. ಆ ಎರಡರ ನಡುವೆ ಇಂಟಿಗ್ರಲ್ ಸಿಕ್ಕಿಕೊಳ್ಳುವುದೇ ಇಡೀ ಸಾಧನೆ. ಕರ್ವ್ ಏರುವ ಕಡೆ ಮೇಲು ಕೆಳಗೆ ಅದಲುಬದಲಾಗುತ್ತದೆ. ಏರಿಳಿತ ಕೊನೆಯೇ ಇಲ್ಲದೆ ಮುಂದುವರಿದರೆ ಇಂಟಿಗ್ರಲ್‌ಗೂ ಶ್ರೇಣಿಗೂ ಸಂಬಂಧವೇ ತಪ್ಪಿಹೋಗಬಹುದು. ಇದನ್ನು ನೋಡಿ:

```
f(x) = 1/(x (ln x)²) + sin²(πx)/(x ln x)
```

ಪೂರ್ಣಾಂಕಗಳಲ್ಲಿ `sin²(πn)` ಸೊನ್ನೆ. ಆದ್ದರಿಂದ ಶ್ರೇಣಿಗೆ ಕಾಣುವುದು `1/(n (ln n)²)` ಮಾತ್ರ, ಅದು ಕನ್ವರ್ಜ್. ಪೂರ್ಣಾಂಕಗಳ ನಡುವೆ ಗುಡ್ಡಗಳಿವೆ, ಅವುಗಳ ಒಟ್ಟು ವಿಸ್ತೀರ್ಣ `1/(x ln x)` ನ ಅರ್ಧದಷ್ಟು ಬೆಳೆಯುತ್ತದೆ, ಅಂದರೆ ಅನಂತ. ಇಂಟಿಗ್ರಲ್ ಡೈವರ್ಜ್, ಶ್ರೇಣಿ ಕನ್ವರ್ಜ್. ಫಂಕ್ಷನ್ 2 ರಿಂದ ಮುಂದಕ್ಕೆ ಪಾಸಿಟಿವ್, ಎಲ್ಲೂ ಕಡಿದಿಲ್ಲ. ಕೈಬಿಟ್ಟದ್ದು ಇಳಿಕೆ ಒಂದೇ.

ಲಕ್ಷಣ: ಇಬ್ಬರೂ ಸರಿಯಾಗಿ ಮಾಡಿದ್ದಾರೆ, ಉತ್ತರ ಬೇರೆ ಬೇರೆ

ಪಕ್ಕಪಕ್ಕ ಕೂತ ಇಬ್ಬರಲ್ಲಿ ಒಬ್ಬ ಡೈವರ್ಜ್ ಅಂದಿದ್ದಾನೆ, ಇನ್ನೊಬ್ಬ ಕನ್ವರ್ಜ್. ಹೆಜ್ಜೆಗಳೆಲ್ಲ ಸರಿ. ಇಂಥ ಕಡೆ ನಾನು ನೇರ ಲೆಕ್ಕದ ಮೊದಲ ಸಾಲು ನೋಡುತ್ತೇನೆ. ಅಲ್ಲಿ `1/(n ln n²)` ಅಂತ ಇರುತ್ತದೆ.

ಒಬ್ಬ ಅದನ್ನು `(ln n)²` ಎಂದು ಓದಿದ್ದಾನೆ. ಇನ್ನೊಬ್ಬ `ln(n²)` ಎಂದು ಓದಿದ್ದಾನೆ. ಎರಡನೆಯದು `2 ln n` ಅಷ್ಟೇ, ಆಗ ಶ್ರೇಣಿ `1/(n ln n)` ನ ಅರ್ಧ. `Σ 1/(n (ln n)^p)` ಕನ್ವರ್ಜ್ ಆಗುವುದು `p` ಒಂದಕ್ಕಿಂತ ದೊಡ್ಡದಾದಾಗ ಮಾತ್ರ. `p = 1` ಆದರೆ ಇಂಟಿಗ್ರಲ್ `ln ln x`, ಅನಂತ. `p = 2` ಆದರೆ 2 ರಿಂದ ಇಂಟಿಗ್ರಲ್ `1/ln 2`, ಅಂದರೆ 1.44. ಆವರಣ ಎಲ್ಲಿದೆ ಅನ್ನುವುದರ ಮೇಲೆ ಉತ್ತರವೇ ತಿರುಗಿಬಿದ್ದಿತು. ಪ್ರಶ್ನೆಯಲ್ಲಿ ಆವರಣ ಇಲ್ಲದಿದ್ದರೆ ನೀವು ಯಾವ ಅರ್ಥದಲ್ಲಿ ಓದಿದ್ದೀರಿ ಎಂದು ಮೊದಲ ಸಾಲಿನಲ್ಲೇ ಬರೆದುಬಿಡಿ.

`log` ಎಂದಿದ್ದು ಅದು ಹತ್ತರ ಆಧಾರದ್ದೋ `e` ಆಧಾರದ್ದೋ ಎಂಬ ಗೊಂದಲ ಇಷ್ಟು ಅಪಾಯದ್ದಲ್ಲ. ಆಧಾರ ಬದಲಾದರೆ 2.303 ರಂಥ ಸ್ಥಿರಾಂಕ ಗುಣಿಸುತ್ತದೆ, ಕನ್ವರ್ಜ್ ಆಗುವುದೂ ಬಿಡುವುದೂ ಬದಲಾಗುವುದಿಲ್ಲ. ಎರಡು ಲಾಗ್ ಒಂದರೊಳಗೊಂದು ಇದ್ದಾಗ ಮಾತ್ರ ಜೋಪಾನ, ಹತ್ತರ ಆಧಾರದಲ್ಲಿ ಒಳಗಿನದು 1 ಆಗುವುದು `x = 10` ರಲ್ಲಿ, ಶುರುವಿನ ಬಿಂದು 11 ಕ್ಕೆ ಸರಿಯುತ್ತದೆ.

ಅಂದಹಾಗೆ, ಮೇಲಿನ 1.44 ಅನ್ನು ಶ್ರೇಣಿಯ ಮೊತ್ತ ಅಂದುಕೊಳ್ಳಬೇಡಿ. ಮೊತ್ತ ಸುಮಾರು 2.11. ಇಂಟಿಗ್ರಲ್ ಕೊಡುವುದು ಬೇಲಿ ಮಾತ್ರ: ಮೊತ್ತ 1.44 ಕ್ಕಿಂತ ಹೆಚ್ಚು, 1.44 ಕ್ಕೆ ಮೊದಲ ಪದ 1.04 ಕೂಡಿಸಿದರೆ ಬರುವ 2.48 ಕ್ಕಿಂತ ಕಡಿಮೆ.

ಲಕ್ಷಣ: ಕಂಪ್ಯೂಟರ್ ಬೇರೆಯದೇ ಹೇಳುತ್ತಿದೆ

ಕೊನೆಯ ದೂರು ಇದು, ಒಬ್ಬ ಹುಡುಗನದು. "ಸರ್, `1/(n ln n)` ಡೈವರ್ಜ್ ಅಂತೀರಿ. ಹತ್ತು ಲಕ್ಷ ಪದ ಕೂಡಿಸಿದೆ, 3.42 ರಲ್ಲಿ ನಿಂತುಬಿಟ್ಟಿದೆ."

ನಿಂತಿಲ್ಲ, ತೆವಳುತ್ತಿದೆ. ಇದರ ಮೊತ್ತ `ln ln N + 0.795` ರಂತೆ ಬೆಳೆಯುತ್ತದೆ. N ಹತ್ತು ಲಕ್ಷವಿದ್ದಾಗ 3.42. ಲಕ್ಷ ಕೋಟಿ ಪದ, ಅಂದರೆ 1 ರ ಮುಂದೆ 12 ಸೊನ್ನೆಯಷ್ಟು ಪದ ಕೂಡಿಸಿದರೂ 4.11. ಅಷ್ಟು ದೂರ ಹೋಗಿ ಸೇರಿದ್ದು `ln 2`, 0.69 ಮಾತ್ರ. ಅದೇ ಕಂಪ್ಯೂಟರ್‌ನಲ್ಲಿ ಕನ್ವರ್ಜ್ ಆಗುವ `1/(n (ln n)²)` ಹಾಕಿ. ಹತ್ತು ಲಕ್ಷ ಪದಕ್ಕೆ 2.04 ಬರುತ್ತದೆ, ನಿಜವಾದ ಮೊತ್ತಕ್ಕೆ ಇನ್ನೂ 0.07 ಬಾಕಿ. ಪರದೆಯ ಮೇಲೆ ಎರಡೂ ನಿಂತಂತೆಯೇ ಕಾಣುತ್ತವೆ, ಯಾವುದು ಯಾವುದು ಎಂದು ನೋಡಿ ಹೇಳಲು ಆಗುವುದಿಲ್ಲ.

ಆ ಬಾಕಿಯನ್ನು ಅಳೆಯಲು ಮತ್ತೆ ಇಂಟಿಗ್ರಲ್ಲೇ ಬೇಕು. N ಆದ ಮೇಲೆ ಉಳಿಯುವುದು ಸುಮಾರು `1/ln N`. ಅದನ್ನು 0.01 ಕ್ಕೆ ಇಳಿಸಬೇಕಾದರೆ `ln N` ನೂರು ಮುಟ್ಟಬೇಕು, ಅಂದರೆ N `e` ಯ ನೂರನೇ ಘಾತ, ಸುಮಾರು `2.7 × 10^43`. ಆ ಹುಡುಗ ಲೂಪ್‌ನಲ್ಲಿ ಇನ್ನೂ ಎರಡು ಸೊನ್ನೆ ಸೇರಿಸಿ ಓಡಲು ಬಿಟ್ಟಿದ್ದ. ನಾನೇ `Ctrl+C` ಒತ್ತಿ ನಿಲ್ಲಿಸಿ, ಪೆನ್ನು ಕೈಗೆ ಕೊಟ್ಟೆ.